ಇಡ್ಲಿ-ದೋಸೆ ಹಿಟ್ಟಿಗೆ ಕಲ್ಲಿನ ಗ್ರೈಂಡರೋ ಮಿಕ್ಸಿಯೋ: ವರ್ಷಗಟ್ಟಲೆ ರುಬ್ಬಿದ ಮೇಲಿನ ಅಭಿಪ್ರಾಯ

ಮನೆಯಲ್ಲೇ ಮಾಡಿ ಪಿಜಿಗಳಿಗೆ, ಅಂಗಡಿಗಳಿಗೆ ಇಡ್ಲಿ ಕೊಡುವವರು ದಾವಣಗೆರೆಯಲ್ಲಿ ಸಾಕಷ್ಟಿದ್ದಾರೆ. ಅವರಿಗಾಗಿ ಈ ವಿಮರ್ಶೆ. 750 ವಾಟ್ ಮಿಕ್ಸಿ, 2 ಲೀಟರ್ ಟೇಬಲ್ ಟಾಪ್ ಗ್ರೈಂಡರ್ ಎರಡನ್ನೂ ದಿನವೂ ಬಳಸಿ ನೋಡಿದರೆ ತೀರ್ಮಾನ ಸುಲಭ: ಉದ್ದಿಗೆ ಗ್ರೈಂಡರ್ ಬೇಕೇ ಬೇಕು, ದೋಸೆಗೆ ಮಿಕ್ಸಿಯೂ ನಡೆಯುತ್ತದೆ.

ನಮ್ಮ ಕಡೆ ಇಡ್ಲಿಗೆ ಅಕ್ಕಿ ರುಬ್ಬುವವರು ಕಡಿಮೆ, ಇಡ್ಲಿ ರವೆಯನ್ನೇ ತೊಳೆದು ಹಿಂಡಿ ಹಾಕುತ್ತೇವೆ. ಅಂದರೆ ರುಬ್ಬುವುದು ಉದ್ದು ಮಾತ್ರ, ಇಡ್ಲಿ ಮೆತ್ತಗಾಗುವುದೂ ಅದರಿಂದಲೇ. ಕಲ್ಲು ಬೇಳೆಯನ್ನು ನಿಧಾನವಾಗಿ ಅರೆಯುತ್ತಾ ಹಿಟ್ಟನ್ನು ಮಗುಚುತ್ತಿರುತ್ತದೆ, ಹಾಗಾಗಿ ಗಾಳಿ ಸೇರಿ ಹಿಟ್ಟು ನೊರೆಯಂತೆ ಉಬ್ಬುತ್ತದೆ. ಮಿಕ್ಸಿಯ ಬ್ಲೇಡು ಬೇಳೆಯನ್ನು ಕತ್ತರಿಸುತ್ತದೆ. ಹಿಟ್ಟು ನುಣ್ಣಗಾಗುತ್ತದೆ ನಿಜ, ಆದರೆ ಉಬ್ಬುವುದಿಲ್ಲ, ಮೇಲಾಗಿ ಬಿಸಿಯಾಗುತ್ತದೆ.

ಸುಮಾರು 120 ಇಡ್ಲಿಯ ಆರ್ಡರ್ ಅಂದುಕೊಳ್ಳಿ. ಗ್ರೈಂಡರ್ ಆದರೆ 800 ಗ್ರಾಂ ಉದ್ದಿನಬೇಳೆಗೆ 1.6 ಕೆಜಿ ರವೆ. ಬೇಳೆಯನ್ನು ನಾಲ್ಕು ಗಂಟೆ ನೆನೆಸಿ 400 ಗ್ರಾಂನಂತೆ ಎರಡು ಸಲ ರುಬ್ಬಬೇಕು. 2 ಲೀಟರ್ ಡ್ರಮ್ಮಿಗೆ ಒಮ್ಮೆಲೇ ಅಷ್ಟೂ ಸುರಿದರೆ ಹಿಟ್ಟು ಉಬ್ಬಿ ಅಂಚಿನಿಂದ ಚೆಲ್ಲುತ್ತದೆ. ಮೊದಲು ಒಂದು ಲೋಟ ನೀರು ಹಾಕಿ, ಕಲ್ಲು ತಿರುಗುತ್ತಿರುವಾಗಲೇ ಬೇಳೆಯನ್ನು ಹಿಡಿಹಿಡಿಯಾಗಿ ಬಿಡಿ. ಆಮೇಲೆ ಐದೈದು ನಿಮಿಷಕ್ಕೊಮ್ಮೆ ನೀರು ಚಿಮುಕಿಸುತ್ತಾ ಹೋದರೆ 25ರಿಂದ 30 ನಿಮಿಷಕ್ಕೆ ಹದ ಬರುತ್ತದೆ. ಚಿಟಿಕೆ ಹಿಟ್ಟನ್ನು ನೀರಿನ ಬಟ್ಟಲಿಗೆ ಬಿಡಿ: ತೇಲಿದರೆ ಆಯಿತು, ಮುಳುಗಿದರೆ ಇನ್ನೂ ಐದು ನಿಮಿಷ. ನುಣ್ಣಗಾದ ಮೇಲೂ ಬಿಟ್ಟರೆ ಹಿಟ್ಟು ಬೆಚ್ಚಗಾಗಿ ಸಡಿಲವಾಗುತ್ತದೆ.

ಇದೇ ಕೆಲಸ ಮಿಕ್ಸಿಯಲ್ಲಾದರೆ ದೊಡ್ಡ ಜಾರಿಗೆ 200 ಗ್ರಾಂ ಬೇಳೆಯಂತೆ ಐದು ಸಲ. ಪ್ರತಿ ಸಲ ಒಂದೊಂದು ನಿಮಿಷ ಓಡಿಸಿ ನಿಲ್ಲಿಸಬೇಕು, ಫ್ರಿಜ್ಜಿನ ತಣ್ಣೀರನ್ನೇ ಹಾಕಬೇಕು. ಇಷ್ಟಾದರೂ ಹಿಟ್ಟು ಕಡಿಮೆ ಉಬ್ಬುವುದರಿಂದ ಅದೇ ಮೆದುತನಕ್ಕೆ ಉದ್ದು ಒಂದು ಕಿಲೋ ಬೇಕಾಗುತ್ತದೆ. ದಿನಾ 200 ಗ್ರಾಂ ಉದ್ದು ಹೆಚ್ಚುವರಿ ಎಂದರೆ ತಿಂಗಳಿಗೆ ಆರು ಕಿಲೋ. ಗ್ರೈಂಡರಿನ ದುಡ್ಡು ಹುಟ್ಟುವುದು ಇಲ್ಲೇ, ಕರೆಂಟ್ ಬಿಲ್ಲಿನಲ್ಲಲ್ಲ. ಗ್ರೈಂಡರಿನ ಮೋಟಾರು 150 ವಾಟ್ ಆಸುಪಾಸು, ಒಂದು ಗಂಟೆ ತಿರುಗಿದರೂ ಕಾಲು ಯೂನಿಟ್ ದಾಟದು.

ಬೇಸಿಗೆಯಲ್ಲಿ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಏಪ್ರಿಲ್ ರಾತ್ರಿಯ ನಮ್ಮೂರ ಸೆಕೆಗೆ ಹಿಟ್ಟು ಆರೇಳು ಗಂಟೆಗೇ ಹುದುಗುತ್ತದೆ. ಮಿಕ್ಸಿಯಿಂದ ಬಿಸಿಯಾಗಿ ಬಂದ ಹಿಟ್ಟಾದರೆ ಬೆಳಗಿನ ಜಾವಕ್ಕೇ ಹುಳಿ ಹಿಡಿದು, ಉಬ್ಬಿ, ಮತ್ತೆ ಇಳಿದುಬಿಟ್ಟಿರುತ್ತದೆ. ಪಾತ್ರೆಯ ಗೋಡೆಯ ಮೇಲೆ ಹಿಟ್ಟಿನ ಹಳೆಯ ಗುರುತು ಮೇಲೆ, ಹಿಟ್ಟು ಕೆಳಗೆ ಇದ್ದರೆ ಹೀಗಾಗಿದೆ ಎಂದೇ ಅರ್ಥ. ಆ ಹಿಟ್ಟಿನ ಇಡ್ಲಿ ಚಪ್ಪಟೆ.

ದೋಸೆಯ ಲೆಕ್ಕ ಬೇರೆ. ಬೆಣ್ಣೆ ದೋಸೆಯ ಹಿಟ್ಟಿಗೆ ಅಕ್ಕಿಯೇ ಹೆಚ್ಚು, ಉದ್ದು ಕಡಿಮೆ, ಜೊತೆಗೆ ಮಂಡಕ್ಕಿ. ಸಣ್ಣ ತರಿ ಉಳಿದರೆ ದೋಸೆ ಗರಿಗರಿಯಾಗುತ್ತದೆ, ಅದಕ್ಕೆ ಬ್ಲೇಡೇ ಸಾಕು. ಅಕ್ಕಿ ಐದಾರು ಗಂಟೆ ನೆನೆದಿರಲಿ, ಮಂಡಕ್ಕಿಯನ್ನು ಕೊನೆಯಲ್ಲಿ ತೋಯಿಸಿ ಸೇರಿಸಿ. ಉದ್ದು ಮಾತ್ರ ಆಗಲೂ ಗ್ರೈಂಡರಿಗೇ ಹಾಕಿದರೆ ಒಳ್ಳೆಯದು.

ಮಿಕ್ಸಿ ಕೊಳ್ಳುವಾಗ ತಳದ ಪಟ್ಟಿ ಓದಿ. 30 ನಿಮಿಷದ ರೇಟಿಂಗ್ ಎಂದಿದ್ದರೆ ಅದು ನಡುನಡುವೆ ವಿರಾಮ ಕೊಟ್ಟು ಓಡಿಸುವ ಲೆಕ್ಕ. ಓವರ್‌ಲೋಡ್ ಆಗಿ ತಳದ ಕೆಂಪು ಬಟನ್ ಜಿಗಿದರೆ ಕೂಡಲೇ ಒತ್ತಬೇಡಿ, ಮೋಟಾರು ತಣ್ಣಗಾಗಲಿ. ದಿನನಿತ್ಯದ ಇಂಥ ಹೊರೆಗೆ ಮೊದಲು ಸವೆಯುವುದು ಕಪ್ಲರ್ ಮತ್ತು ಜಾರಿನ ಬುಷ್. ಜಾರಿನ ತಳದಿಂದ ಕಪ್ಪು ನೀರು ಜಿನುಗಿದರೆ ಬುಷ್ ಹೋಗಿದೆ, ಆ ಜಾರಿನಲ್ಲಿ ಹಿಟ್ಟು ರುಬ್ಬಬಾರದು. ವ್ಯಾಪಾರಕ್ಕೆ ಬಳಸಿದರೆ ವಾರಂಟಿ ಇಲ್ಲ ಎಂದು ಬಹಳಷ್ಟು ಕಾರ್ಡುಗಳಲ್ಲಿ ಬರೆದಿರುತ್ತದೆ, ಅದನ್ನೂ ನೋಡಿ.

ಗ್ರೈಂಡರಿಗೂ ಅದರದೇ ಕಾಟವಿದೆ. ಭಾರ, ತೊಳೆಯುವ ರಗಳೆ, ಜಾಗ. ರುಬ್ಬುತ್ತಿರುವಾಗ ಕರೆಂಟ್ ಹೋದರೆ ಮೊದಲು ಸ್ವಿಚ್ ಆರಿಸಿ. ನಿಂತ ಡ್ರಮ್ಮಿನಲ್ಲಿ ಅಕ್ಕಿ ತಳಕ್ಕೆ ಕೂತು ಕಲ್ಲನ್ನು ಹಿಡಿದುಬಿಡುತ್ತದೆ. ಕರೆಂಟ್ ಬಂದ ಮೇಲೆ ಸ್ವಲ್ಪ ನೀರು ಹಾಕಿ, ಡ್ರಮ್ಮನ್ನು ಕೈಯಲ್ಲಿ ಒಂದೆರಡು ಸುತ್ತು ತಿರುಗಿಸಿ ಆಮೇಲೆ ಹಾಕಿ. ಇಲ್ಲದಿದ್ದರೆ ಮೋಟಾರು ಗುಂಯ್‌ಗುಟ್ಟುತ್ತದೆ, ಬೆಲ್ಟ್ ಜಾರುತ್ತದೆ, ಹಾಗೆಯೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ. ಖಾಲಿ ಡ್ರಮ್ ಓಡಿಸಿದರೆ ಕಲ್ಲಿಗೆ ಕಲ್ಲು ಉಜ್ಜಿ ಪುಡಿ ಉದುರುತ್ತದೆ. ವರ್ಷಗಳ ಮೇಲೆ ಅದೇ ಬೇಳೆಗೆ ಮುಕ್ಕಾಲು ಗಂಟೆ ಹಿಡಿಯತೊಡಗಿದರೆ ಮೊದಲು ಬೆಲ್ಟ್ ಬಿಗಿ ನೋಡಿ, ಅದು ಸರಿಯಿದ್ದರೆ ಕಲ್ಲು ನುಣುಪಾಗಿದೆ, ಮತ್ತೆ ಒರಟು ಮಾಡಿಸಬೇಕು.

ದಿನಕ್ಕೆ 150 ಇಡ್ಲಿ ದಾಟಿದರೆ 2 ಲೀಟರಿನದು ಸಾಲದು. ಆಗ ಡ್ರಮ್ ಬಗ್ಗಿಸಿ ಹಿಟ್ಟು ಸುರಿಯಬಹುದಾದ ಟಿಲ್ಟಿಂಗ್ ಗ್ರೈಂಡರನ್ನೇ ತೆಗೆದುಕೊಳ್ಳಿ, ಸೊಂಟಕ್ಕೂ ಒಳ್ಳೆಯದು.