ವರ್ಕ್ ಫ್ರಮ್ ಹೋಂ ಇರೋ ಮನೆಯಲ್ಲಿ ಕರೆಂಟ್ ಬಿಲ್ ಹಂಚೋದು: ಸಮಪಾಲು, ಅಂದಾಜು, ಸಬ್ ಮೀಟರ್, ಸ್ಮಾರ್ಟ್ ಪ್ಲಗ್

ಮೂವರಿರುವ ಟೂ ಬಿಎಚ್‌ಕೆ, ಅದರಲ್ಲಿ ಒಬ್ಬರಿಗೆ ಮನೆಯೇ ಆಫೀಸು. ಇಂಥ ಮನೆಗೆ ಈ ನಾಲ್ಕರಲ್ಲಿ ಸರಿಹೋಗಿದ್ದು ಸ್ಮಾರ್ಟ್ ಪ್ಲಗ್ ಒಂದೇ. ಅದೂ ತಿಂಗಳಿಡೀ ಅಲ್ಲ, ಒಂದು ವಾರ ಅಳೆದರೆ ಸಾಕು.

ಸಮಪಾಲು ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುವವರೆಗೆ ಚೆನ್ನ. "ನೀನು ಇನ್ನೂರು ಜಾಸ್ತಿ ಹಾಕು" ಅನ್ನೋ ಅಂದಾಜು ಮೊದಲ ಸೆಕೆಗಾಲಕ್ಕೇ ಜಗಳಕ್ಕೆ ಬೀಳುತ್ತದೆ. ಒಂದು ರೂಮಿನ ಬಳಕೆಯನ್ನಷ್ಟೇ ಅಳೆಯುವ ಸಬ್ ಮೀಟರ್ ಕೇಳೋಕೆ ಚೆಂದ, ಆದರೆ ಬಾಡಿಗೆ ಫ್ಲ್ಯಾಟುಗಳಲ್ಲಿ ಮೇನ್ ಸ್ವಿಚ್ಚಿರುವ ಡಿಬಿ ಬಾಕ್ಸಿನ ಎಂಸಿಬಿ ಸ್ವಿಚ್ಚುಗಳು ಎಷ್ಟೋ ಕಡೆ ರೂಮಿಗೊಂದರಂತೆ ಇರುವುದಿಲ್ಲ. ಮನೆಯ ಲೈಟು-ಫ್ಯಾನೆಲ್ಲ ಒಂದಕ್ಕೆ, ಪವರ್ ಪಾಯಿಂಟುಗಳು ಇನ್ನೊಂದಕ್ಕೆ. ಒಂದು ರೂಮನ್ನು ಬೇರೆ ಮಾಡಬೇಕಾದರೆ ವೈರಿಂಗ್ ಎಳೆಯಬೇಕು, ಓನರ್ ಒಪ್ಪಬೇಕು. ಬಿಟ್ಟುಬಿಡಿ.

ಪ್ಲಗ್ಗಿನ ಲೆಕ್ಕ ಹೀಗೆ. ಯೂನಿಟ್ ತೋರಿಸುವ ಪ್ಲಗ್ ತಂದು ಕೆಲಸದ ಮೇಜಿನ ಎಕ್ಸ್‌ಟೆನ್ಶನ್ ಬೋರ್ಡನ್ನೇ ಅದಕ್ಕೆ ಹಾಕಿ. ಚಾರ್ಜರ್ ಮೇಲೆ ಬರೆದ 65 ವ್ಯಾಟ್ ನೋಡಿ ಲೆಕ್ಕ ಹಾಕಬೇಡಿ. ಅದು ಗರಿಷ್ಠ, ದಿನವಿಡೀ ಅಷ್ಟು ಎಳೆಯುವುದಿಲ್ಲ. ಲ್ಯಾಪ್‌ಟಾಪು, ಮಾನಿಟರು ಸೇರಿ ಐದು ಕೆಲಸದ ದಿನಕ್ಕೆ 3.75 ಯೂನಿಟ್ ಬಂತು ಅನ್ನಿ, ಅಲ್ಲಿಗೆ ದಿನಕ್ಕೆ 0.75. ಸೀಲಿಂಗ್ ಫ್ಯಾನು, ಟ್ಯೂಬ್‌ಲೈಟು ಪ್ಲಗ್ಗಿಗೆ ಸಿಗುವುದಿಲ್ಲ, ಅವನ್ನು ಕೈಲೆಕ್ಕದಲ್ಲೇ ಸೇರಿಸಬೇಕು: 75 ವ್ಯಾಟಿನ ಹಳೇ ಫ್ಯಾನ್ ಒಂಬತ್ತು ಗಂಟೆಗೆ 0.68, 20 ವ್ಯಾಟಿನ ಟ್ಯೂಬು ಆರು ಗಂಟೆಗೆ 0.12. ಒಟ್ಟು ದಿನಕ್ಕೆ 1.55, ಇಪ್ಪತ್ತೆರಡು ದಿನಕ್ಕೆ 34 ಯೂನಿಟ್. ರೌಟರ್ ಎಲ್ಲರದ್ದು, ಅದನ್ನು ಸೇರಿಸಬೇಡಿ. (2,000 ವ್ಯಾಟಿನ ಗೀಸರ್ ಇಪ್ಪತ್ತು ನಿಮಿಷಕ್ಕೆ 0.67 ಯೂನಿಟ್ ತಿನ್ನುತ್ತದೆ. ಇಬ್ಬರ ಬಿಸಿನೀರಿನ ಸ್ನಾನ ಒಬ್ಬರ ದಿನದ ಕೆಲಸಕ್ಕೆ ಹೆಚ್ಚೂಕಡಿಮೆ ಸಮ. ಬೆರಳು ತೋರಿಸುವ ಮುಂಚೆ ನೆನಪಿರಲಿ.)

ನಿಜವಾದ ತಲೆನೋವು 34 ಯೂನಿಟ್ಟಲ್ಲ, ಗೃಹಜ್ಯೋತಿಯ 200ರ ಗೆರೆ. ಮನೆಗೆ ಉಚಿತವಾಗಿ ಸಿಕ್ಕ ಅರ್ಹ ಯೂನಿಟ್ 150 ಅಂದುಕೊಳ್ಳಿ. ಬಳಕೆ 150 ದಾಟಿ 200ರೊಳಗಿದ್ದರೆ ಹೆಚ್ಚಾದ ಯೂನಿಟ್‌ಗಷ್ಟೇ ದುಡ್ಡು. 200 ದಾಟಿದರೆ ಮೊದಲ ಯೂನಿಟ್ಟಿಂದಲೇ ಪೂರ್ತಿ ಬಿಲ್. ಒಂದೇ ಸೂತ್ರ ಎರಡೂ ಕಡೆ ಹೊಂದುವುದಿಲ್ಲ. ನಾಲ್ಕೂ ಪದ್ಧತಿ ಎಡವುವುದು ಇಲ್ಲೇ.

ಒಂದು ತಿಂಗಳು 186 ಯೂನಿಟ್, ಬಿಲ್ ₹260 ಬಂತು ಅನ್ನಿ. ಉಚಿತ 150ನ್ನು ತಲೆಗೆ 50ರಂತೆ ಹಂಚಿ. 34 ಕಳೆದು ಉಳಿದ 152 ಮೂವರದ್ದು, ತಲಾ 50.7. ಆಫೀಸಿಗೆ ಹೋಗುವವರು ತಮ್ಮ ಪಾಲನ್ನು ದಾಟಿದ್ದು ಮುಕ್ಕಾಲು ಯೂನಿಟ್ಟೂ ಇಲ್ಲ, ಮನೆಯಲ್ಲಿರುವವರು ದಾಟಿದ್ದು 34.7. ಹಾಗಾಗಿ ಇವರು ₹250, ಅವರು ತಲಾ ₹5. ಐದೈದು ರೂಪಾಯಿ ಕೇಳದೆ ಬಿಟ್ಟರೂ ಆಯ್ತು.

ಏಪ್ರಿಲ್‌ನಲ್ಲಿ 208 ಯೂನಿಟ್, ಬಿಲ್ ₹1,850. "ನಿನ್ನ 34 ಇಲ್ಲದಿದ್ದರೆ ಗೆರೆ ದಾಟುತ್ತಿರಲಿಲ್ಲ" ಅನ್ನೋ ವಾದ ಬಂದೇ ಬರುತ್ತದೆ. ಅದನ್ನು ಒಪ್ಪಬೇಡಿ, ಯಾರ ಗೀಸರ್ ಎಂಟು ಯೂನಿಟ್ ಉಳಿಸಿದ್ದರೂ ಗೆರೆ ದಾಟುತ್ತಿರಲಿಲ್ಲ. ಇಲ್ಲಿ ಅನುಪಾತವೇ ನ್ಯಾಯ: 1,850ರಲ್ಲಿ 208ಕ್ಕೆ 34ರ ಪಾಲು ₹302. ಉಳಿದ ₹1,548ನ್ನು ಮೂರು ಭಾಗ ಮಾಡಿದರೆ ತಲಾ ₹516. ಮನೆಯಲ್ಲಿರುವವರು ₹818 ಕೊಡುತ್ತಾರೆ.

ಗೆರೆ ದಾಟದಂತೆ ನೋಡಿಕೊಳ್ಳುವುದು ಇನ್ನೂ ಅಗ್ಗ. ಹಿಂದಿನ ರೀಡಿಂಗ್ ಆಗಿ ಇಪ್ಪತ್ತನೇ ದಿನ ಮೀಟರಿನ kWh ಅಂಕಿ ನೋಡಿ, ಬಿಲ್ಲಿನಲ್ಲಿರುವ ಅಂಕಿ ಕಳೆಯಿರಿ. 140 ಬಂದರೆ ದಿನಕ್ಕೆ ಏಳು, ಮೂವತ್ತಕ್ಕೆ 210. ಉಳಿದ ಹತ್ತು ದಿನ ದಿನಕ್ಕೊಂದು ಯೂನಿಟ್ಟಾದರೂ ಇಳಿಸಬೇಕು, ಅಂದರೆ ಎರಡು ಗೀಸರ್ ಸ್ನಾನ.

ರೂಮಿಗೆ ಎಸಿ ಬಂದರೆ ಈ ಲೆಕ್ಕವೆಲ್ಲ ಕೆಟ್ಟಿತು. ಅದಕ್ಕೆ 16 ಆಂಪಿಯರ್ ಪ್ಲಗ್ಗೇ ಬೇಕು, ತಿಂಗಳು ತಿಂಗಳು ಅಳೆಯಲೇಬೇಕು. ಆರು ಆಂಪಿಯರಿನದನ್ನು ಹಾಕಿದರೆ ಕಾದು ಕರಗಬಹುದು.

ನೀರು ಇಷ್ಟು ಗೋಜಲಲ್ಲ. ಓನರ್ ತಲೆಗಿಷ್ಟು ಅಂತ ವಸೂಲಿ ಮಾಡಿದರೆ ಸಮಪಾಲೇ ಸರಿ. ಟ್ಯಾಂಕರ್ ಹಂಚಿಕೆಯಾದರೆ ಮಾತ್ರ ಲೆಕ್ಕ ಹಾಕಿ: ಹಗಲಿನ ಫ್ಲಶ್, ಕೈತೊಳೆಯೋದು, ಮಧ್ಯಾಹ್ನದ ಪಾತ್ರೆ ಸೇರಿ ದಿನಕ್ಕೆ 70 ಲೀಟರ್ ಹಿಡಿಯಿರಿ. ಫ್ಲಶ್ ಟ್ಯಾಂಕ್ ಎಷ್ಟು ಲೀಟರಿನದು ಅಂತ ನೋಡಿಕೊಂಡೇ ಹಿಡಿಯಿರಿ, ಹಳೆಯದಾದರೆ ಒಂದು ಸಲಕ್ಕೆ ಹತ್ತು ಹೋಗುತ್ತದೆ. ಇಪ್ಪತ್ತೆರಡು ದಿನಕ್ಕೆ 1,540 ಲೀಟರ್, 6,000 ಲೀಟರಿನ ಟ್ಯಾಂಕರಿನ ಕಾಲು ಭಾಗ. ಆ ಕಾಲು ಟ್ಯಾಂಕರಿನ ದುಡ್ಡನ್ನು ಮೊದಲು ಮನೆಯಲ್ಲಿರುವವರ ಹೆಸರಿಗೆ ಬರೆದು, ಉಳಿದದ್ದನ್ನು ಮೂರು ಪಾಲು ಮಾಡಿ.