ಮಾರ್ಚ್ ಸ್ಕೀಮ್‌ಗೆ ಟೈಲ್ಸ್ ಲೋಡ್ ಇಳಿಸಿಕೊಳ್ಳುವ ಮುಂಚೆ ಇದನ್ನು ಓದಿ

ದಾವಣಗೆರೆ ಕಡೆ ಟೈಲ್ಸ್ ಅಂಗಡಿ ಇಟ್ಟವರಿಗೆ, ಹಾರ್ಡ್‌ವೇರ್ ಜೊತೆ ಟೈಲ್ಸ್ ಮಾರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಮಾರ್ಚ್ ಬಂತು ಅಂದರೆ ಕಂಪನಿಯವರು ಟಾರ್ಗೆಟ್ ಮುಗಿಸಲು ಓಡಾಡುತ್ತಾರೆ, ನಮಗೆಲ್ಲ ಗೊತ್ತಿರುವ ವಿಷಯ. ಹೋದ ಮಾರ್ಚ್‌ನಲ್ಲಿ ಒಂದು ಕಂಪನಿಯ ಸೇಲ್ಸ್ ಆಫೀಸರ್ ನನ್ನ ಅಂಗಡಿಗೆ ಬಂದು 20 ಲಕ್ಷದ ಮಾಲು ತಲೆಗೆ ಕಟ್ಟಿ ಹೋದ. ಕಂಪನಿಯ ಹೆಸರು ಹಾಕುವುದಿಲ್ಲ. ಆದರೆ ಅವನು ತೋರಿಸಿದ ಲೆಕ್ಕ ಎಂಥದ್ದು ಅಂತ ಎಲ್ಲರಿಗೂ ಗೊತ್ತಾಗಬೇಕು.

ನನ್ನ ಕೌಂಟರ್ ಮೇಲೇ ಕ್ಯಾಲ್ಕುಲೇಟರ್ ಇಟ್ಟುಕೊಂಡು ಹೇಳಿದ. "ಅಣ್ಣಾ, ಎಕ್ಸ್‌ಟ್ರಾ 8 ಪರ್ಸೆಂಟ್ ಡಿಸ್ಕೌಂಟ್. ನಿಮ್ಮ ಸಿಸಿ ಬಡ್ಡಿ ತಿಂಗಳಿಗೆ 1 ಪರ್ಸೆಂಟ್ ಅಂತಲೇ ಇಟ್ಕೊಳ್ಳಿ. ಆರು ತಿಂಗಳಲ್ಲಿ ಮಾಲು ಖಾಲಿ. ಮೊದಲ ದಿನ ಪೂರ್ತಿ ಇರುತ್ತೆ, ಕೊನೇ ದಿನ ಏನೂ ಇರಲ್ಲ, ಅಂದರೆ ಸರಾಸರಿ ಮೂರು ತಿಂಗಳು. 3 ಪರ್ಸೆಂಟ್ ಹೋಯ್ತು, 5 ಪರ್ಸೆಂಟ್ ನಿಮ್ಮ ಜೇಬಿಗೆ." 20 ಲಕ್ಷಕ್ಕೆ 5 ಪರ್ಸೆಂಟ್ ಅಂದರೆ 1 ಲಕ್ಷ. ಮಾರದೇ ಉಳಿದರೆ? "ವಾಪಸ್ ತಗೋತೀವಿ ಅಣ್ಣಾ, ನಾನಿದ್ದೀನಲ್ಲ."

ಆ ಲೆಕ್ಕದಲ್ಲಿ ಬಡ್ಡಿ ಬಿಟ್ಟು ಬೇರೆ ಏನೂ ಇಲ್ಲ, ನೋಡಿ. ಮಾಲು ಇಡಲು ಜಾಗ ಬೇಡವಾ? ಇನ್ಶೂರೆನ್ಸ್ ಬೇಡವಾ? ಟೈಲ್ಸ್ ಒಡೆಯಲ್ವಾ? ಡಿಸೈನ್ ಹಳೇದಾಗಲ್ವಾ? ಇಪ್ಪತ್ತು ವರ್ಷ ಇದೇ ಲೈನಲ್ಲಿ ಇದ್ದೀನಿ ಅಂತ ಹೇಳಿಕೊಳ್ಳುವವನಿಗೆ ಇದು ಗೊತ್ತಿಲ್ಲದೇ ಇರಲು ಸಾಧ್ಯವೇ ಇಲ್ಲ. ಬೇಕಂತಲೇ ಬಿಟ್ಟಿದ್ದ.

ಮಾಲು ಎಲ್ಲಾ 2x2 ವಿಟ್ರಿಫೈಡ್. ಲೋಡ್ ಇಳಿದು ಸ್ವಲ್ಪ ದಿನಕ್ಕೆ ಅದೇ ಕಂಪನಿಯ ಹೊಸ ಕ್ಯಾಟಲಾಗ್ ವಾಟ್ಸಾಪ್‌ಗೆ ಬಂತು. ಪೂರ್ತಿ 2x4. ನನ್ನ ಗೋಡೌನ್‌ನಲ್ಲಿದ್ದ ಡಿಸೈನ್‌ಗಳಲ್ಲಿ ಮುಕ್ಕಾಲು ಪಾಲು ಅದರಲ್ಲಿ ಇಲ್ಲವೇ ಇಲ್ಲ. ಮೇಲಿಂದ ಕೆಳಗೆ ಎರಡೆರಡು ಸಲ ನೋಡಿದೆ. ಫೋನ್ ಮಾಡಿದರೆ ಅವನು ಹೇಳಿದ್ದು: "ಅದು ಹಳೇ ಸೀರೀಸ್ ಅಲ್ವಾ ಅಣ್ಣಾ, ನಿಂತು ಹೋಯ್ತು. ಅದಕ್ಕೇ ಅಲ್ವಾ 8 ಪರ್ಸೆಂಟ್ ಕೊಟ್ಟಿದ್ದು." ಅದಕ್ಕೇ ಅಂತೆ! ತಗೊಳ್ಳುವಾಗ ಈ ಮಾತು ಒಂದು ಸಲವೂ ಬಾಯಿಂದ ಬರಲಿಲ್ಲ. ಹಳೇ ಮಾಲು ಇಟ್ಟುಕೊಳ್ಳುವ ಖರ್ಚನ್ನು ತನ್ನ ಗೋಡೌನ್‌ನಿಂದ ನನ್ನ ಗೋಡೌನ್‌ಗೆ ಸಾಗಿಸಿದ, ಅಷ್ಟೇ.

ಟೈಲ್ಸ್‌ನಲ್ಲಿ ಹಳೇ ಸೀರೀಸ್ ಅಂದರೆ ಏನಾಗುತ್ತದೆ ಅಂತ ಹೊಸಬರಿಗೆ ಹೇಳುತ್ತೇನೆ. ಬಾಕ್ಸ್ ಪಕ್ಕದಲ್ಲಿ ಬ್ಯಾಚ್, ಶೇಡ್ ನಂಬರ್ ಒತ್ತಿರುತ್ತಾರೆ. ಗಿರಾಕಿಗೆ ಹಾಲ್‌ಗೆ 14 ಬಾಕ್ಸ್ ಬೇಕು, ನನ್ನ ಹತ್ತಿರ ಆ ಶೇಡ್ 11 ಬಾಕ್ಸ್ ಇದೆ. ಉತ್ಪಾದನೆ ನಿಂತಿದೆ, ಉಳಿದ ಮೂರು ಎಲ್ಲಿಂದಲೂ ಬರಲ್ಲ. ಬೇರೆ ಬ್ಯಾಚ್ ಸಿಕ್ಕರೂ ಅಕ್ಕಪಕ್ಕ ಇಟ್ಟು ನೋಡಿ, ಒಂದು ಸ್ವಲ್ಪ ಹಳದಿ, ಒಂದು ಸ್ವಲ್ಪ ಬಿಳಿ. ಯಾರು ಹಾಕಿಸುತ್ತಾರೆ? ಹಾಗಾಗಿ ಆ 11 ಬಾಕ್ಸ್ ಬಾತ್‌ರೂಮಿಗೋ ಶೆಡ್ಡಿಗೋ ಕೇಳಿದ ರೇಟಿಗೆ ಹೋಗಬೇಕು. ಚೆನ್ನಾಗಿ ಓಡುವ ಡಿಸೈನ್ ಮೊದಲ ಎರಡು ಮೂರು ತಿಂಗಳಲ್ಲೇ ಖಾಲಿಯಾಗುತ್ತದೆ. ಓಡದೇ ಇರುವುದು ಕೂತುಬಿಡುತ್ತದೆ. "ಸರಾಸರಿ ಮೂರು ತಿಂಗಳು" ಅನ್ನುವ ಅವನ ಲೆಕ್ಕ ಇಲ್ಲೇ ಸುಳ್ಳು.

ವರ್ಷ ಆದ ಮೇಲೆ ಕೂತು ಲೆಕ್ಕ ಹಾಕಿದೆ. ಈ ಲೋಡಿನ ಪ್ರತಿ ತಿಂಗಳ ಕೊನೆಯ ಸ್ಟಾಕ್ ಕೂಡಿಸಿ 12ರಿಂದ ಭಾಗಿಸಿದರೆ ಸರಾಸರಿ 12 ಲಕ್ಷ. ವರ್ಷದ ಖರ್ಚನ್ನು ಇದರ ಮೇಲೆ ಪರ್ಸೆಂಟ್ ಮಾಡಿ ನೋಡಬೇಕು.

ಬಡ್ಡಿ 11 ಪರ್ಸೆಂಟ್, ಅಂದರೆ 1.32 ಲಕ್ಷ. ಇದೊಂದೇ ಅವನು ಹೇಳಿದ್ದು. ಈ ಮಾಲಿಗೋಸ್ಕರವೇ ಹಿಡಿದ ಗೋಡೌನ್ ಬಾಡಿಗೆ ತಿಂಗಳಿಗೆ 12,000, ವರ್ಷಕ್ಕೆ 1.44 ಲಕ್ಷ. ಅದು 12 ಪರ್ಸೆಂಟ್, ಬಡ್ಡಿಗಿಂತ ಜಾಸ್ತಿ! ಮಾಲು ಅರ್ಧ ಖಾಲಿಯಾಯ್ತು ಅಂತ ಓನರ್ ಅರ್ಧ ಬಾಡಿಗೆ ತಗೊಳ್ಳಲ್ಲ. ಇನ್ಶೂರೆನ್ಸ್ 6,000, ಅರ್ಧ ಪರ್ಸೆಂಟ್. ಇದು ಚಿಕ್ಕದು, ಆದರೆ "ಪಾಲಿಸಿ ಇದೆಯಲ್ಲ ಅಣ್ಣಾ" ಅಂದಿದ್ದ ಅವನು. ನನ್ನ ಪಾಲಿಸಿ ಅಂಗಡಿಯ ವಿಳಾಸಕ್ಕೆ ಇತ್ತು. ಹೊಸ ಗೋಡೌನ್ ವಿಳಾಸ ಸೇರಿಸದೆ ಬೆಂಕಿ ಬಿದ್ದಿದ್ದರೆ ಕ್ಲೇಮ್ ಸಿಗುತ್ತಿರಲಿಲ್ಲ. ಹಮಾಲಿ ಮತ್ತು ಒಡೆದದ್ದು 24,000, ಅಂದರೆ 2 ಪರ್ಸೆಂಟ್. ಒಡೆದ ಮಾಲಿನ ಜಿಎಸ್‌ಟಿ ಕ್ರೆಡಿಟ್ ವಾಪಸ್ ಕಟ್ಟಬೇಕು, ಅದೂ ನಮ್ಮ ಮೇಲೇ. ಕೊನೆಗೆ ಉಳಿದದ್ದು 6 ಲಕ್ಷದ ಮಾಲು. ಖರೀದಿ ಬೆಲೆಗಿಂತ ಕಾಲು ಭಾಗ ಕಡಿಮೆಗೆ ಕೇಳುತ್ತಿದ್ದಾರೆ, 1.5 ಲಕ್ಷ ಹೋಯ್ತು. ಅದು 12.5 ಪರ್ಸೆಂಟ್.

ಒಟ್ಟು 38 ಪರ್ಸೆಂಟ್. 4.56 ಲಕ್ಷ. ಡಿಸ್ಕೌಂಟ್ ಅಂತ ಸಿಕ್ಕಿದ್ದು 1.6 ಲಕ್ಷ. ಮಾಲು ಹಿಡಿದಿಟ್ಟುಕೊಳ್ಳುವ ಖರ್ಚು ಸಾಮಾನ್ಯವಾಗಿ ವರ್ಷಕ್ಕೆ 20ರಿಂದ 30 ಪರ್ಸೆಂಟ್ ಅಂತ ಪುಸ್ತಕಗಳಲ್ಲಿ ಹೇಳುತ್ತಾರೆ. ಡಿಸೈನ್ ಸತ್ತರೆ ಅದನ್ನೂ ದಾಟುತ್ತದೆ. ಖರೀದಿ ದಿನವೇ 18 ಪರ್ಸೆಂಟ್ ಜಿಎಸ್‌ಟಿ, 3.6 ಲಕ್ಷ ಕೊಟ್ಟಿದ್ದೆ. ಆ ಕ್ರೆಡಿಟ್ ಮಾರಾಟ ಆದ ಹಾಗೆ ಮಾತ್ರ ಕರಗುತ್ತದೆ. ಅದರ ಬಡ್ಡಿ ನಾನಿಲ್ಲಿ ಸೇರಿಸಿಯೇ ಇಲ್ಲ.

ಎಲ್ಲಕ್ಕಿಂತ ಅವಮಾನ ಆಗಿದ್ದು ಬ್ಯಾಂಕಿನಲ್ಲಿ. ಸ್ಟಾಕ್ ಸ್ಟೇಟ್‌ಮೆಂಟ್ ನೋಡಿ ಮ್ಯಾನೇಜರ್, "90 ದಿನ ದಾಟಿದ ಸ್ಟಾಕ್ ಡ್ರಾಯಿಂಗ್ ಪವರ್‌ಗೆ ಬರಲ್ಲ ಸರ್, ಇಷ್ಟೊಂದು ಯಾಕೆ ಕೂತಿದೆ?" ಅಂದರು. ನನ್ನ ಮಗ ಪಕ್ಕದಲ್ಲೇ ನಿಂತಿದ್ದ. ಅಂದರೆ ಮಾಲಿಗೆ ಬಡ್ಡಿ ಕಟ್ಟುತ್ತಿದ್ದೇನೆ, ಆದರೆ ಆ ಮಾಲಿನ ಮೇಲೆ ದುಡ್ಡು ಎತ್ತುವ ಹಾಗಿಲ್ಲ. ಓಡುವ 2x4 ತರಿಸಲು ಲಿಮಿಟ್ ಇಲ್ಲದೆ ಗಿರಾಕಿಗಳನ್ನು ಎದುರಿನ ಅಂಗಡಿಗೆ ಬಿಟ್ಟುಕೊಟ್ಟೆ.

ವಾಪಸ್ ತಗೊಳ್ಳಿ ಅಂತ ಬೆನ್ನು ಹತ್ತಿದೆ. ಮೊದಲು "ಮೇಲಿನವರಿಗೆ ಮೇಲ್ ಹಾಕಿದ್ದೀನಿ ಅಣ್ಣಾ." ಆಮೇಲೆ "ನೀವು ಹೇಳಿದ್ದು ಬಿಲ್‌ನಲ್ಲಿ ಇಲ್ವಲ್ಲ." ಆಮೇಲೆ ಅವನಿಗೆ ಬೇರೆ ಏರಿಯಾ ಕೊಟ್ಟರು. ಹೊಸಬ ಬಂದು, "ಸರ್, ಅದು ಹಿಂದಿನವರು ಹೇಳಿದ್ದು, ಕಂಪನಿ ಪಾಲಿಸಿಯಲ್ಲಿ ರಿಟರ್ನ್ ಇಲ್ಲ. ಈ ಮಾರ್ಚ್‌ಗೆ ಹೊಸ ಸ್ಕೀಮ್ ಇದೆ, ಅದರಲ್ಲಿ ಅಡ್ಜಸ್ಟ್ ಮಾಡಿಕೊಡ್ತೀನಿ" ಅಂದ. ಮತ್ತೆ ಸ್ಕೀಮ್! ಎದ್ದು ಹೋಗಪ್ಪಾ ಅಂದೆ.

ಹಾಗಾಗಿ ನಿಮ್ಮ ಹತ್ತಿರ ಇಂಥವರು ಬಂದರೆ ಮೊದಲು ಬಾಕ್ಸ್ ಫೋಟೋ ತರಿಸಿ, ತಯಾರಾದ ತಿಂಗಳು ನೋಡಿ. ಮುಂದಿನ ಕ್ಯಾಟಲಾಗ್‌ನಲ್ಲಿ ಆ ಡಿಸೈನ್ ಇದೆ ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ, ರಿಟರ್ನ್ ಮಾತನ್ನೂ ಬರೆಸಿಕೊಳ್ಳಿ. ನಿಮ್ಮ ಖರ್ಚು ವರ್ಷಕ್ಕೆ 24 ಪರ್ಸೆಂಟ್ ಇದ್ದರೆ ತಿಂಗಳಿಗೆ 2. ಹಾಗಿದ್ದಾಗ ಮಾಲು ಅಷ್ಟೂ ಕೂತರೆ 8 ಪರ್ಸೆಂಟ್ ಡಿಸ್ಕೌಂಟ್ ನಾಲ್ಕು ತಿಂಗಳಿಗೆ ಮುಗಿಯಿತು. ಡಿಸೈನ್‌ವಾರು ನಿಮ್ಮದೇ ಹಳೇ ಬಿಲ್ ತೆಗೆದು, ನಾಲ್ಕು ತಿಂಗಳಲ್ಲಿ ಎಷ್ಟು ಬಾಕ್ಸ್ ಮಾರಿದ್ದೀರೋ ಅಷ್ಟೇ ತಗೊಳ್ಳಿ. ಬರೆದು ಕೊಡಲ್ಲ ಅಂದರೆ ಲೋಡ್ ಇಳಿಸಬೇಡಿ.

ನನ್ನ ಹತ್ತಿರ ಆ 2x2 ಇನ್ನೂ ಇದೆ. ಗೋಡೌನ್ ಈ ತಿಂಗಳು ಖಾಲಿ ಮಾಡುತ್ತಿದ್ದೇನೆ. ಯಾರಿಗಾದರೂ ಶೆಡ್‌ಗೆ, ಟೆರೇಸ್‌ಗೆ ಬೇಕಿದ್ದರೆ ಹೇಳಿ, ಶೇಡ್ ನಂಬರ್ ಮುಂಚೆಯೇ ತೋರಿಸಿ ಕೊಡುತ್ತೇನೆ.