ಕಟೌಟ್ ಅಂಚಿನ ಪರೀಕ್ಷೆ: ಮಜೆಂಟಾ ಮೇಲೋ, ಕಪ್ಪಿನ ಮೇಲೋ?

ಫೋಟೊದಿಂದ ಒಬ್ಬರನ್ನು ಕಟ್ ಮಾಡಿ ತೆಗೆದ ಮೇಲೆ ಅಂಚು ಸರಿ ಬಂದಿದೆಯಾ ಅಂತ ನೋಡಲು ಹೆಚ್ಚಿನವರು ಸಾಫ್ಟ್‌ವೇರ್ ತಾನಾಗಿ ತೋರಿಸುವ ಬೂದು-ಬಿಳಿ ಚೌಕಗಳ ಮೇಲೆ ಒಮ್ಮೆ ಕಣ್ಣಾಡಿಸಿ ಸೇವ್ ಮಾಡಿಬಿಡುತ್ತಾರೆ. ಆ ಚೌಕಗಳು ಇಲ್ಲಿ ಏನೂ ಪ್ರಯೋಜನಕ್ಕೆ ಬರುವುದಿಲ್ಲ. ಬೂದು, ಬಿಳಿ ಎರಡೂ ಅಲ್ಲೇ ಇರುವುದರಿಂದ, ಅಂಚಿನಲ್ಲಿ ಉಳಿದ ಬೂದು-ಬಿಳಿ ಕೊಳೆ ಅದರಲ್ಲೇ ಕರಗಿಹೋಗುತ್ತದೆ. ಗೊತ್ತಿರುವವರು ಕೆಳಗೆ ಒಂದು ಗಾಢ ಬಣ್ಣದ ಲೇಯರ್ ಹಾಕಿ ನೋಡುತ್ತಾರೆ. ಅವರಲ್ಲೂ ಎರಡು ಪಂಗಡ ಇದೆ. ಒಬ್ಬರದು ಕಣ್ಣು ಕುಕ್ಕುವ ಮಜೆಂಟಾ (`#ff00ff`), ಇನ್ನೊಬ್ಬರದು ಅಚ್ಚ ಕಪ್ಪು (`#000000`). ನಾನು ಎರಡನ್ನೂ ಒಂದೇ ಫೋಟೊ ಮೇಲೆ ಹಾಕಿ ನೋಡಿದ್ದೇನೆ. ಎರಡೂ ಹಿಡಿದು ಕೊಡುವ ತಪ್ಪುಗಳು ಬೇರೆ ಬೇರೆ.

ಫೋಟೊ ಹೀಗಿತ್ತು. ಮದುಮಗಳು ಕೆನೆ ಬಣ್ಣದ ಗೋಡೆ ಮುಂದೆ ನಿಂತಿದ್ದಾಳೆ, ಕಡು ಹಸಿರು ರೇಷ್ಮೆ ಸೀರೆ, ಕಪ್ಪು ಕೂದಲು, ಜಡೆ ತುಂಬ ಮಲ್ಲಿಗೆ. ಇದನ್ನು ಕಡುಗೆಂಪು ಆಮಂತ್ರಣ ಪತ್ರಿಕೆ ಮೇಲೆ ಕೂರಿಸಬೇಕು. ಕಟ್ ಮಾಡುವವರಿಗೆ ಇದಕ್ಕಿಂತ ತೊಂದರೆಯ ಫೋಟೊ ಬೇರೆ ಇಲ್ಲ, ಯಾಕಂದ್ರೆ ಹೂವೂ ಬೆಳ್ಳಗೆ, ಗೋಡೆಯೂ ಹೆಚ್ಚುಕಮ್ಮಿ ಬೆಳ್ಳಗೆ, ಮೇಲೆ ಹಾರಾಡುವ ಕೂದಲಿನ ಎಳೆಗಳು ಬೇರೆ.

ಮೊದಲು ಕಪ್ಪಿನ ಮೇಲೆ ಇಟ್ಟೆ. ತಲೆಯ ಸುತ್ತ ಬಿಳಿ ಬೂದು ಗೆರೆ ಎದ್ದು ಕಂಡಿತು, ಕೂದಲ ಎಳೆಗಳು ನರೆತ ಹಾಗೆ ಕಾಣುತ್ತಿದ್ದವು. ಇದು ಯಾಕೆ ಆಗುತ್ತದೆ ಅಂತ ಒಂದು ಪಿಕ್ಸೆಲ್ ಹಿಡಿದು ನೋಡೋಣ. ಅಂಚಿನ ಪಿಕ್ಸೆಲ್ಲಿನಲ್ಲಿ ಅರ್ಧ ಕೂದಲು, ಅರ್ಧ ಗೋಡೆ ಇದೆ ಅಂದುಕೊಳ್ಳಿ. ಕಪ್ಪು 0, ಬಿಳಿ 255 ಅನ್ನುವ ಅಳತೆಯಲ್ಲಿ ಕೂದಲಿನ ಬೆಲೆ 30, ಗೋಡೆಯದು 240. ಲೆಕ್ಕ ಸರಳವಾಗಿರಲಿ ಅಂತ, ಕ್ಯಾಮೆರಾ ಎರಡನ್ನೂ ಬೆರೆಸಿ 135 ಅಂತ ಬರೆದಿಟ್ಟಿದೆ ಅನ್ನೋಣ. ಯಾವ ಭಾಗ ಎಷ್ಟು ಕಾಣಬೇಕು ಅಂತ ಹೇಳುವ ಮಾಸ್ಕ್ ಸರಿಯಾಗಿದ್ದರೂ ಅದು ಮಾಡುವುದು ಇಷ್ಟೇ, ಆ ಪಿಕ್ಸೆಲ್ಲನ್ನು ಅರ್ಧ ಪಾರದರ್ಶಕ ಮಾಡುತ್ತದೆ, ಬಣ್ಣ ಮಾತ್ರ 135 ಆಗಿಯೇ ಉಳಿಯುತ್ತದೆ. ಗೋಡೆ ಹೋಗಿದೆ, ಗೋಡೆಯ ಬಣ್ಣ ಹೋಗಿಲ್ಲ. ಕಪ್ಪಿನ ಮೇಲೆ ಅದು 135ರ ಅರ್ಧ, ಅಂದರೆ ಸುಮಾರು 68 ಆಗಿ ಕಾಣುತ್ತದೆ. ಬರೀ ಕೂದಲಿನ ಬಣ್ಣ ಉಳಿದಿದ್ದರೆ 15 ಬರಬೇಕಿತ್ತು. ಸುತ್ತಲೂ ಸೊನ್ನೆ ಇರುವ ಜಾಗದಲ್ಲಿ 68 ಅಂದರೆ ಮುಚ್ಚಿಡಲು ಆಗುವುದಿಲ್ಲ.

ಅದೇ ಪಿಕ್ಸೆಲ್ಲನ್ನು ಮಜೆಂಟಾ ಮೇಲೆ ಇಟ್ಟರೆ ಕೆಂಪು ಮತ್ತು ನೀಲಿ 195ರ ಹತ್ತಿರ, ಹಸಿರು 68. ಸರಿಯಾದ ಬಣ್ಣ ಇದ್ದಿದ್ದರೆ ಕೆಂಪು-ನೀಲಿ 142, ಹಸಿರು 15 ಬರುತ್ತಿತ್ತು. ಅಂದರೆ ಕಡು ನೇರಳೆ ಬರಬೇಕಾದ ಕಡೆ ಮಾಸಲು ಗುಲಾಬಿ ಬರುತ್ತದೆ. ವ್ಯತ್ಯಾಸ ಇದೆ, ಇಲ್ಲ ಅಂತಲ್ಲ. ಆದರೆ ಪಕ್ಕದಲ್ಲೇ ಅಷ್ಟು ಜೋರಾದ ಬಣ್ಣ ಉರಿಯುತ್ತಿರುವಾಗ ಈ ಮಾಸಲು ಗೆರೆ ಕಣ್ಣಿಗೆ ಬೀಳುವುದು ಕಷ್ಟ. ಹಳೇ ಗೋಡೆಯ ತಿಳಿ ಬಣ್ಣ ಅಂಚಿಗೆ ಅಂಟಿಕೊಂಡಿದೆಯಾ ಅಂತ ನೋಡುವ ವಿಷಯದಲ್ಲಿ ಕಪ್ಪೇ ಗೆದ್ದಿತು.

ಈಗ ಮಲ್ಲಿಗೆಗೆ ಬನ್ನಿ. ಇಲ್ಲಿ ಕಪ್ಪು ಪೂರ್ತಿ ಮೋಸ ಮಾಡಿತು.

ಗೋಡೆಯನ್ನು ಮ್ಯಾಜಿಕ್ ವ್ಯಾಂಡ್‌ನಲ್ಲಿ ಆರಿಸಿ ಅಳಿಸುವಾಗ ಅದು ಮೊಗ್ಗುಗಳ ಒಂದಷ್ಟು ಭಾಗವನ್ನೂ ತಿಂದಿತ್ತು. ಕಪ್ಪಿನ ಮೇಲೆ ಆ ತೂತುಗಳು ಕಪ್ಪು ಚುಕ್ಕೆಗಳಾಗಿ ಕಂಡವು, ಆದರೆ ಮಲ್ಲಿಗೆ ದಂಡೆಯ ಹಿಂದೆ ಇರುವುದೂ ಕಪ್ಪು ಜಡೆಯೇ ಅಲ್ವಾ? ಮೊಗ್ಗುಗಳ ನಡುವೆ ಕಪ್ಪು ಕಂಡರೆ ಅದು ಕೂದಲು ಅಂತಲೇ ಕಣ್ಣು ನಂಬುತ್ತದೆ. ಬಿಳಿ ಬ್ಯಾಕ್‌ಗ್ರೌಂಡ್ ಹಾಕಿದ್ದರೆ ಇನ್ನೂ ಕೆಡುಕು, ತೂತೇ ಹೂವಿನಂತೆ ಕಾಣುತ್ತಿತ್ತು. ಮಜೆಂಟಾ ಹಾಕಿದ ಕೂಡಲೇ ದಂಡೆ ತುಂಬ ಗುಲಾಬಿ ಚುಕ್ಕೆಗಳು ಎದ್ದವು. ಹೂವು, ಕೂದಲು, ಚರ್ಮ, ಹಸಿರು ಸೀರೆ, ಯಾವುದರಲ್ಲೂ ಆ ಬಣ್ಣ ಇಲ್ಲ. ಆದ್ದರಿಂದ ಮಜೆಂಟಾ ಎಲ್ಲಿ ಕಂಡರೂ ಅಲ್ಲಿ ತೂತು ಇದೆ ಎಂದೇ ಲೆಕ್ಕ. ಹಳೇ ಕಂಪ್ಯೂಟರ್ ಆಟಗಳಲ್ಲಿ ಪಾರದರ್ಶಕ ಭಾಗವನ್ನು ಗುರುತಿಸಲು ಇದೇ 255, 0, 255 ಬಳಸುತ್ತಿದ್ದದ್ದೂ ಚಿತ್ರದಲ್ಲಿ ಬೇರೆಲ್ಲೂ ಬೇಕಾಗದ ಬಣ್ಣ ಅನ್ನೋ ಕಾರಣಕ್ಕೇ.

ಪೂರ್ತಿ ತೂತಲ್ಲದೆ ಅರೆಬರೆ ಅಳಿಸಿಹೋದ ಎಸಳುಗಳೂ ಇದ್ದವು. ಎಸಳಿನ ಬೆಲೆ 250, ಮಾಸ್ಕಿನಲ್ಲಿ ಅದು 80 ಪರ್ಸೆಂಟ್ ಮಾತ್ರ ಉಳಿದಿದೆ ಅಂದುಕೊಳ್ಳಿ. ಕಪ್ಪಿನ ಮೇಲೆ ಅದು 200 ಆಗುತ್ತದೆ, ಸ್ವಲ್ಪ ನೆರಳು ಬಿದ್ದ ಮಲ್ಲಿಗೆಯ ಹಾಗೆ, ಯಾರಿಗೂ ಅನುಮಾನ ಬರುವುದಿಲ್ಲ. ಮಜೆಂಟಾ ಮೇಲೆ ಅದೇ ಎಸಳು 251, 200, 251 ಆಗುತ್ತದೆ. ಅಂದರೆ ತಿಳಿ ಗುಲಾಬಿ. ಗುಲಾಬಿ ಬಣ್ಣದ ಮಲ್ಲಿಗೆಯನ್ನು ಯಾರೂ ಮುಡಿದಿರುವುದಿಲ್ಲ, ಹಾಗಾಗಿ ಅಲ್ಲಿ ಮಾಸ್ಕ್ ತೆಳುವಾಗಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ದೊಡ್ಡ ವಿಷಯ ಕೂದಲಿನದು. ಪಾಠ ಹೇಳಿಕೊಡುವ ವಿಡಿಯೊಗಳಲ್ಲಿ ಮಾಡೆಲ್‌ಗಳ ಕೂದಲು ಹೊಂಬಣ್ಣದ್ದು, ಕಪ್ಪಿನ ಮೇಲೆ ಪ್ರತಿ ಎಳೆಯೂ ಕಾಣುತ್ತದೆ. ಗೋಡೆಯ ಬಣ್ಣ ಅಂಟಿರದಿದ್ದರೆ ನಮ್ಮ ಕಡೆಯ ಕಪ್ಪು ಕೂದಲು ಕಪ್ಪಿನ ಮೇಲೆ ಇಟ್ಟರೆ ಮಾಯ. ಪೆನ್ ಟೂಲಿನಲ್ಲಿ ಕತ್ತರಿಸಿದ ತಲೆ ಹೆಲ್ಮೆಟ್ ಹಾಕಿದ ಹಾಗೆ ನುಣ್ಣಗೆ ಆಗಿದ್ದರೂ ಕಪ್ಪಿನ ಮೇಲೆ ಅದು ಗೊತ್ತೇ ಆಗುವುದಿಲ್ಲ. ಎಳೆಗಳನ್ನು ಕತ್ತರಿಸಿ ಹಾಕಿದ್ದರೂ ಗೊತ್ತಾಗುವುದಿಲ್ಲ. ಮಜೆಂಟಾ ಮೇಲೆ ತಲೆಯ ಆಕಾರ ಪೂರ್ತಿ ಬಯಲಾಗುತ್ತದೆ. ಗಾಢ ಬ್ಯಾಕ್‌ಗ್ರೌಂಡಿನ ಮುಂದೆ ತೆಗೆದ ಫೋಟೊಗೂ ಇದೇ ಮಾತು. ಅಲ್ಲಿ ಅಂಚಿಗೆ ಅಂಟುವುದು ಕಪ್ಪು ಗೆರೆ, ಅದನ್ನು ಕಪ್ಪು ಎಂದೂ ತೋರಿಸುವುದಿಲ್ಲ.

ಹಾಗಂತ ಮಜೆಂಟಾಕ್ಕೆ ತೊಂದರೆ ಇಲ್ಲ ಅಂತಲ್ಲ. ಅದು ಪಕ್ಕದ ಬಣ್ಣಗಳನ್ನು ಕೆಡಿಸಿ ತೋರಿಸುತ್ತದೆ. ಬೂದು ಬಣ್ಣ ಅದರ ಪಕ್ಕ ಹಸಿರು ಛಾಯೆಯಲ್ಲಿ ಕಾಣುತ್ತದೆ, ಚರ್ಮ ಪೇಲವವಾಗಿ ಕಾಣುತ್ತದೆ. ಅದನ್ನು ನೋಡುತ್ತಾ ಬಣ್ಣ ತಿದ್ದಲು ಕೂತರೆ ಕೆಲಸ ಕೆಡುತ್ತದೆ. ಪ್ರಿಂಟ್ ಕೆಲಸದ ಫೈಲ್ ಸಿಎಂವೈಕೆ ಮೋಡ್‌ನಲ್ಲಿದ್ದರೆ ಈ ಮಜೆಂಟಾ ಸಿಗುವುದೇ ಇಲ್ಲ, ಮಂಕಾದ ಬಣ್ಣ ಬರುತ್ತದೆ. ಪರೀಕ್ಷೆಗೆ ಆರ್‌ಜಿಬಿ ಕಾಪಿ ಇಟ್ಟುಕೊಳ್ಳಿ. ಮತ್ತೆ, ಮಜೆಂಟಾ ಮೇಲಿಟ್ಟ ಚಿತ್ರವನ್ನು ಜೆಪೆಗ್ ಮಾಡಿ ವಾಟ್ಸ್ಯಾಪ್‌ನಲ್ಲಿ ಕಳಿಸಿ "ಅಂಚು ಹೇಗಿದೆ ನೋಡಿ ಸರ್" ಅಂದರೆ ಉಪಯೋಗವಿಲ್ಲ. ಜೆಪೆಗ್ ಸಾಮಾನ್ಯವಾಗಿ ಬಣ್ಣದ ವಿವರವನ್ನು ಬೆಳಕಿನ ವಿವರಕ್ಕಿಂತ ಕಡಿಮೆ ಉಳಿಸಿಕೊಳ್ಳುವುದರಿಂದ, ಮಜೆಂಟಾ ಅಂಚಿನಾಚೆಗೂ ಹರಡಿ ಇಲ್ಲದ ತಪ್ಪು ಕಾಣುತ್ತದೆ. ಪಿಎನ್‌ಜಿಯನ್ನೇ ನೋಡಬೇಕು, ಅದೂ 100 ಪರ್ಸೆಂಟ್ ಜೂಮ್‌ನಲ್ಲಿ ಅಥವಾ 200ರಲ್ಲಿ.

ಕಪ್ಪಿಗೆ ಇನ್ನೊಂದು ಶಕ್ತಿ ಇದೆ. ಅಳಿಸಿದೆವು ಅಂದುಕೊಂಡ ಗೋಡೆ ಕೆಲವೊಮ್ಮೆ 2 ಪರ್ಸೆಂಟಿನಷ್ಟು ಉಳಿದಿರುತ್ತದೆ. ಇದು ಮಜೆಂಟಾ ಮೇಲೂ ಕಾಣದು, ಕಪ್ಪಿನ ಮೇಲೂ ಬರಿಗಣ್ಣಿಗೆ ಕಾಣದು. ಆದರೆ ಕಪ್ಪು ಅಂದರೆ ಸೊನ್ನೆ. ಎಲ್ಲಕ್ಕಿಂತ ಮೇಲೆ ಒಂದು `Levels` ಲೇಯರ್ ಹಾಕಿ, ಬಲಗಡೆಯ ಬಿಳಿ ಗುಂಡಿಯನ್ನು 20ರ ತನಕ ಎಳೆದರೆ ಸೊನ್ನೆ ಸೊನ್ನೆಯಾಗೇ ಇರುತ್ತದೆ, 5 ಇದ್ದದ್ದು 60ರ ಮೇಲೆ ಹೋಗುತ್ತದೆ. ಮದುಮಗಳ ಬಲಗಡೆ ಗೋಡೆಯ ಒಂದು ದೊಡ್ಡ ಮಬ್ಬು ತುಂಡು ಹೀಗೆ ಸಿಕ್ಕಿತು. ಪತ್ರಿಕೆ ಮೇಲೆ ಅದು ಚೌಕಾಕಾರದ ಕಲೆಯಾಗಿ ಬರುತ್ತಿತ್ತು.

ಕೆಲಸದ ಸುಲಭ ನೋಡಿದರೆ ಫೋಟೊಶಾಪ್‌ನಲ್ಲಿ ಕಪ್ಪಿಗೇ ಅನುಕೂಲ ಜಾಸ್ತಿ. `Select and Mask` ಒಳಗೆ A ಒತ್ತಿ ಒಪಾಸಿಟಿ 100 ಮಾಡಿದರೆ ಅಚ್ಚ ಕಪ್ಪು ಬರುತ್ತದೆ. ಮಜೆಂಟಾ ಬೇಕಂದರೆ V ಒತ್ತಿ `Overlay`ಗೆ ಹೋಗಿ, ಬಣ್ಣವನ್ನೂ ಬದಲಿಸಿ, ಒಪಾಸಿಟಿ 100 ಮಾಡಬೇಕು. ನಾನು ಅದರ ಗೋಜಿಗೆ ಹೋಗದೆ ಕಟೌಟ್ ಕೆಳಗೆ ಎರಡು ಸಾಲಿಡ್ ಲೇಯರ್ ಇಟ್ಟು, ಮೇಲಿನದರ ಕಣ್ಣಿನ ಗುರುತನ್ನು ಒತ್ತುತ್ತಾ ಬಿಡುತ್ತಾ ನೋಡುತ್ತೇನೆ. ಫೋಟೊಗಳು ರಾಶಿ ಇದ್ದರೆ ಇಮೇಜ್‌ಮ್ಯಾಜಿಕ್ ಸಾಕು, ಒಂದೊಂದು ಫೋಟೊಗೂ ಫೈಲ್ ಹೆಸರು ಬದಲಿಸಿ ಈ ಎರಡು ಕಮಾಂಡ್ ಓಡಿಸಬೇಕು:

```
magick cutout.png -background "#ff00ff" -flatten magenta.png
magick cutout.png -background black -flatten black.png
```

ಗಿಂಪ್ ಬಳಸುವವರಿಗೆ ಒಂದು ಮಾತು. 2.10ರಿಂದ ಅದರ ಸಾಮಾನ್ಯ ಲೇಯರ್‌ಗಳು ಬಣ್ಣ ಬೆರೆಸುವ ಲೆಕ್ಕ ಬ್ರೌಸರ್‌ನದಕ್ಕಿಂತ ಬೇರೆ. ಅದರಿಂದ ಕಪ್ಪಿನ ಮೇಲೆ ಬಿಳಿ ಗೆರೆ ಇರುವುದಕ್ಕಿಂತ ಜಾಸ್ತಿ ಹೊಳೆಯುತ್ತದೆ. ಚಿತ್ರ ವೆಬ್‌ಗೆ ಹೋಗುವುದಾದರೆ ಕೊನೆಯ ತೀರ್ಪು ಬ್ರೌಸರ್‌ನಲ್ಲೇ ಆಗಲಿ.

ಹಾಗಾದರೆ ಯಾವುದು? ಒಂದನ್ನೇ ಆರಿಸು ಅಂದರೆ ನನ್ನ ಓಟು ಮಜೆಂಟಾಕ್ಕೆ, ಅದರೊಳಗೆ ಕಪ್ಪೂ ಅಡಗಿರುವುದರಿಂದ. ಮಜೆಂಟಾದಲ್ಲಿ ಹಸಿರಿನ ಬೆಲೆ ಸೊನ್ನೆ. ಚಾನೆಲ್ ಪ್ಯಾನೆಲ್‌ಗೆ ಹೋಗಿ ಹಸಿರು ಚಾನೆಲ್ ಒಂದನ್ನೇ ತೋರಿಸಿದರೆ ಬ್ಯಾಕ್‌ಗ್ರೌಂಡ್ ಅಚ್ಚ ಕಪ್ಪಾಗುತ್ತದೆ, ಅದೇ 68ರ ಬೂದು ಗೆರೆ ಅಲ್ಲೂ ಕಾಣುತ್ತದೆ. ಕೆಂಪು ಚಾನೆಲ್ ತೋರಿಸಿದರೆ ಬ್ಯಾಕ್‌ಗ್ರೌಂಡ್ ಬಿಳಿ. ಕಪ್ಪು ಲೇಯರ್‌ನಿಂದ ಇಂಥದ್ದು ಸಾಧ್ಯವಿಲ್ಲ.

ಎರಡನ್ನೂ ಬಳಸುವುದಾದರೆ ಮಜೆಂಟಾ ಮೊದಲು, ಕಪ್ಪು ಆಮೇಲೆ. ಮಜೆಂಟಾ ಮೇಲೆ ಮಾಸ್ಕನ್ನು ಸರಿಮಾಡಿಕೊಳ್ಳಬೇಕು. ಮಲ್ಲಿಗೆಯ ತೂತುಗಳನ್ನು ಮಾಸ್ಕ್ ಮೇಲೆ ಬಿಳಿ ಬ್ರಷ್‌ನಿಂದ ತುಂಬಿದೆ, ಜುಮುಕಿ ಒಳಗೆ ಉಳಿದ ಗೋಡೆಯನ್ನು ಕಪ್ಪು ಬ್ರಷ್‌ನಿಂದ ತೆಗೆದೆ. ಆಮೇಲೆ ಕಪ್ಪು ಹಾಕಿ ಬಣ್ಣಕ್ಕೆ ಕೈಹಾಕಿದೆ. ಅಂಚಿಗೆ ಅಂಟಿದ ಬಣ್ಣ ತೊಳೆಯುವ `Decontaminate Colors` ಕೂದಲಿನ ನರೆಯನ್ನು ಬಹುಪಾಲು ತೆಗೆಯಿತು, ಕಿವಿಯ ಮೇಲಿನ ಒಂದೆರಡು ಎಳೆಗಳಿಗೆ ಹತ್ತಿರದ ಕೂದಲಿನ ಬಣ್ಣ ತೆಗೆದುಕೊಂಡು ಕೈಯಲ್ಲೇ ಹಚ್ಚಬೇಕಾಯಿತು. ಸೀರೆಯ ಗಟ್ಟಿ ಅಂಚಿಗೆ ಇಷ್ಟೆಲ್ಲ ಬೇಡ, ಮಾಸ್ಕನ್ನು ಒಂದು ಪಿಕ್ಸೆಲ್ ಒಳಗೆ ಸರಿಸಿದರೆ ಗೆರೆ ಹೋಗುತ್ತದೆ. ಅದೇ ಉಪಾಯ ಕೂದಲಿಗೆ ಮಾಡಿದರೆ ಎಳೆಗಳೇ ಹೋಗುತ್ತವೆ.

ಕ್ರಮ ತಿರುಗಾಮುರುಗಾ ಮಾಡಿದರೆ ಎರಡೆರಡು ಸಲ ಕೆಲಸ. ಬಣ್ಣ ತೊಳೆದಾದ ಮೇಲೆ ಮಾಸ್ಕ್ ಹಿಗ್ಗಿಸಿದರೆ, ಹೊಸದಾಗಿ ಹೊರಬಂದ ಪಿಕ್ಸೆಲ್‌ಗಳಲ್ಲಿ ಮತ್ತೆ ಗೋಡೆಯ ಬಣ್ಣ ಇರುತ್ತದೆ.

ಮದುಮಗಳು ರಾಣಿ ಪಿಂಕ್ ಸೀರೆ ಉಟ್ಟಿದ್ದರೆ ಮಾತ್ರ ಈ ಲೆಕ್ಕ ಪೂರ್ತಿ ಬದಲಾಗುತ್ತದೆ. ಸೀರೆಯಲ್ಲಿ ಬಿದ್ದ ತೂತು ಮಜೆಂಟಾ ಮೇಲೆ ಕಾಣುವುದೇ ಇಲ್ಲ. ಅಂಥ ಫೋಟೊಗೆ ನಾನು `#00ff00` ಹಾಕುತ್ತೇನೆ. ಆಗ ಕಪ್ಪನ್ನು ನೋಡಲು ಕೆಂಪು ಅಥವಾ ನೀಲಿ ಚಾನೆಲ್ ತೆರೆಯಬೇಕು.